ಯಾರೂ ಇಲ್ಲದ ತುಂಬಿದ ಕೋಣೆಗಳು

ದೇವಸ್ಥಾನದ ವಸತಿಗೃಹದಲ್ಲಿ ಕೋಣೆ ಕೊಡುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೂ ಭಕ್ತರಿಗೂ ಆಕೆ ರೂಮಕ್ಕ. ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ, ಆಗ ಆಕೆ ಅವನ ಜೊತೆ ಎರಡು ದಿನ ಮಾತು ಬಿಡುತ್ತಿದ್ದಳು. ಕೋಪ ಆಕೆಗೆ ಮೂಗಿನ ತುದಿಯಲ್ಲೇ ಇತ್ತು. ಕೌಂಟರಿನಲ್ಲಿ ಕೂತು ಜನರ ಜೊತೆ ಗುದ್ದಾಡುವವರಿಗೆ ಅದು ಬೇರೆಲ್ಲಿ ಇರಬೇಕು ಹೇಳಿ.

ಆವತ್ತು ಮಾತ್ರ ಕೋಪ ಮೂಗು ದಾಟಿ ನೆತ್ತಿಗೆ ಏರಿತ್ತು. ಬೆಳಕು ಹರಿಯುವ ಮೊದಲೇ ಹೊಳೆ ಕೆಳಗಿನ ಬೀದಿಗೆ ನುಗ್ಗಿತ್ತು. ಆಕೆಯ ಮನೆ ಆ ಬೀದಿಯಲ್ಲೇ. ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುವವನು, ರಾತ್ರಿ ಪಾಳಿಗೆ ಹೋದವನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮೈದುನ ಬೇರೆ ಊರಿನಲ್ಲಿದ್ದ. ಹಾಗಾಗಿ ಮನೆಯಿಂದ ಎದೆಮಟ್ಟದ ನೀರಿನಲ್ಲಿ ಹೊರಬಂದವರು ಮೂರು ಹೆಂಗಸರು ಮತ್ತು ಒಂದು ಕೂಸು: ರೂಮಕ್ಕ, ಉಬ್ಬಸದ ಅತ್ತೆ, ಬಾಣಂತಿ ವಾರಗಿತ್ತಿ, ಇನ್ನೂ ತಿಂಗಳು ತುಂಬದ ಅವಳ ಮಗ. ಕೂಸನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತುಕೊಂಡು ಬಂದವಳು ರೂಮಕ್ಕ. ಮೇಲಿನ ಬೀದಿಯ ಶಾಲೆಯ ಜಗಲಿಯಲ್ಲಿ ಅವರಿಗೆ ಜಾಗ ಸಿಕ್ಕಿತು. ಜಗಲಿಗೆ ಮೂರು ಕಡೆ ಗೋಡೆಯಿಲ್ಲ. ಗಾಳಿ ಬೀಸಿದಾಗೆಲ್ಲ ಮಳೆ ಒಳಗೆ ಬಂದು ಮಲಗಿದವರ ಮೇಲೆ ಬೀಳುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದಳು, ಒಂದೊಂದು ಉಸಿರೂ ಸೀಟಿ ಹೊಡೆಯುತ್ತಿತ್ತು.

"ಇಲ್ಲಿ ಕೂತು ನನ್ನ ಮುಖ ಏನು ನೋಡ್ತೀಯ? ಅರವತ್ತು ರೂಮಿನ ಯಜಮಾನಿ ಅಂತ ಬೀದಿಲೆಲ್ಲ ಮೆರೀತೀಯಲ್ಲ, ಹೋಗು, ಕೂಸಿಗಾದ್ರೂ ಒಂದು ರೂಮು ನೋಡು" ಎಂದಳು ಅತ್ತೆ. ಅಷ್ಟು ಹೇಳುವುದಕ್ಕೆ ಮೂರು ಸಲ ನಿಲ್ಲಿಸಿದಳು. ಆದರೆ ಚುಚ್ಚುವುದನ್ನು ಬಿಡಲಿಲ್ಲ.

ರೂಮಕ್ಕ ಒದ್ದೆ ಸೀರೆಯಲ್ಲೇ ಕೆಲಸಕ್ಕೆ ಬಂದಳು. ಕೋಣೆ ಸಿಗುತ್ತದೆ ಎಂಬುದರಲ್ಲಿ ಆಕೆಗೆ ಸಂಶಯವೇ ಇರಲಿಲ್ಲ. ಮರುದಿನದಿಂದ ಮೂರು ದಿನ ನಡೆಯಬೇಕಿದ್ದ ವರ್ಷದ ಉತ್ಸವ ಈ ನೀರಿನಲ್ಲಿ ನಡೆಯುವುದು ಸಾಧ್ಯವೇ ಇಲ್ಲ. ಉತ್ಸವ ಇಲ್ಲ ಅಂದರೆ ಭಕ್ತರಿಲ್ಲ, ಭಕ್ತರಿಲ್ಲ ಅಂದರೆ ಕೋಣೆಗಳು ಖಾಲಿ. ದೇವಸ್ಥಾನ ಗುಡ್ಡದ ಮೇಲಿದೆ, ಅಲ್ಲಿಗೆ ನೀರು ಏರುವುದಿಲ್ಲ. ಇದರಲ್ಲಿ ಯೋಚಿಸುವುದು ಏನಿದೆ?

ಯೋಚಿಸುವುದು ಇದೆ ಎಂದು ಅಧ್ಯಕ್ಷರು ಬಂದಮೇಲೆ ಗೊತ್ತಾಯಿತು.

ಅಧ್ಯಕ್ಷರು ಸಿಮೆಂಟಿನ ಸಗಟು ವ್ಯಾಪಾರಿ. ದೇವಸ್ಥಾನದ ಸಮಿತಿಗೆ ಎರಡನೇ ಸಲ ಆರಿಸಿ ಬಂದಿದ್ದರು. ಉತ್ಸವಕ್ಕೆಂದು ವಸತಿಗೃಹಕ್ಕೆ ಹೊಸ ಬಣ್ಣ ಬಳಿಸಿದ್ದರು, ಹೊಸ ಹಾಸಿಗೆ ಹಾಕಿಸಿದ್ದರು, ಬಾಗಿಲಿಗೊಂದರಂತೆ ದಾನಿಗಳ ಹೆಸರಿನ ಹಲಗೆ ಜಡಿಸಿದ್ದರು. ಜನ ಸೇರುವಂತಿಲ್ಲ, ಕಾರ್ಯಕ್ರಮ ನಡೆಸುವಂತಿಲ್ಲ ಎಂಬ ಸರ್ಕಾರದ ಆದೇಶ ಅವರ ಕೈಯಲ್ಲಿ ಒದ್ದೆಯಾಗಿ ಮುದ್ದೆಯಾಗಿತ್ತು. ಅವರು ಕೊಡೆ ಮಡಚಿ, ರೂಮಕ್ಕನ ಕಂಪ್ಯೂಟರಿನ ಹಿಂದೆ ನಿಂತು, ಬುಕ್ ಮಾಡಿದ ಎಲ್ಲರ ಮೊಬೈಲಿಗೆ ಹೋಗಬೇಕಾದ ಸಂದೇಶವನ್ನು ಹೇಳಿ ಬರೆಸಿದರು.

"ಬರ್ಕೊಳಮ್ಮ. ಭಕ್ತಾದಿಗಳ ಗಮನಕ್ಕೆ. ಪ್ರವಾಹದ ಕಾರಣ ಉತ್ಸವವನ್ನು ಮುಂದೂಡಲಾಗಿದೆ. ದಯವಿಟ್ಟು ಪ್ರಯಾಣ ಮಾಡಬೇಡಿ. ಹೊಸ ದಿನಾಂಕವನ್ನು ನಂತರ ತಿಳಿಸಲಾಗುವುದು. ನಿಮ್ಮ ಬುಕಿಂಗ್ ಹಾಗೆಯೇ ಇರುತ್ತದೆ. ಅಷ್ಟೇ, ಕಳಿಸು."

ರೂಮಕ್ಕ ಕೀಲಿಮಣೆಯಿಂದ ಬೆರಳು ಎತ್ತಿದಳು. "ದುಡ್ಡು ವಾಪಸ್ ಬೇಕಾದವರು ಏನು ಮಾಡಬೇಕು ಅಂತ ಹಾಕಲ್ವಾ, ಸಾರ್?"

"ಯಾಕೆ ಹಾಕಬೇಕು? ಬುಕಿಂಗ್ ಹಾಗೇ ಇರುತ್ತೆ ಅಂದ್ವಲ್ಲ."

"ರಸೀದಿ ಹಿಂದೆ ನಿಯಮ ಇದೆ. ಹೇಳಿದ ದಿನ ಕಾರ್ಯಕ್ರಮ ನಡೀದಿದ್ರೆ, ಭಕ್ತರು ಕೇಳಿದ್ರೆ ಪೂರ್ತಿ ಹಣ ವಾಪಸ್ ಅಂತ."

"ಕೇಳಿದ್ರೆ ಅಂತ ಇದೆ ತಾನೆ? ಯಾರೂ ಕೇಳಿಲ್ಲ. ಕೇಳದೇ ಇರೋರ ಬಾಯಿಗೆ ನೀನು ಯಾಕಮ್ಮ ಮಾತು ತುರುಕ್ತೀಯ? ಪೆಂಡಾಲಿನವನಿಗೆ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ. ಎಲ್ಲರೂ ವಾಪಸ್ ಕೇಳಿದ್ರೆ ಎಲ್ಲಿಂದ ತರ್ಲಿ, ಹುಂಡಿ ಒಡೀಲಾ?"

ಅದನ್ನು ಅವರು ನಗುತ್ತ ಹೇಳಿದರು. ಆ ನಗುವಿಗೇ ರೂಮಕ್ಕನ ಮೈ ಉರಿಯಿತು. ಆದರೂ ನುಂಗಿಕೊಂಡು ಸಂದೇಶ ಕಳಿಸಿದಳು. ಜನ ಹೊರಡದಂತೆ ತಡೆಯುವುದು ಮೊದಲ ಕೆಲಸ, ಅದರಲ್ಲಿ ತಪ್ಪೇನೂ ಇರಲಿಲ್ಲ. ಕಳಿಸಿದ ಮೇಲೆ ಗಂಟಲು ಸರಿಮಾಡಿಕೊಂಡು ತನ್ನ ಮಾತು ತೆಗೆದಳು.

"ಸಾರ್, ಶಾಲೆ ಜಗಲೀಲಿ ಜನ ನೆನೀತಾ ಇದ್ದಾರೆ. ನಮ್ಮತ್ತೆಗೆ ಉಬ್ಬಸ, ವಾರಗಿತ್ತಿ ಬಾಣಂತಿ, ಹಸುಗೂಸು ಬೇರೆ ಇದೆ. ಅಂಥವರು ಬೇಕಾದಷ್ಟು ಜನ ಇದ್ದಾರೆ. ಹೇಗಿದ್ರೂ ಉತ್ಸವ ಇಲ್ಲ. ರೂಮುಗಳನ್ನ ತೆಗೆದು ಕೊಟ್ಟುಬಿಡೋಣ."

ಅಧ್ಯಕ್ಷರು ಪರದೆಯ ಕಡೆ ಬೆರಳು ಮಾಡಿದರು. ಪರದೆಯಲ್ಲಿ ಅರವತ್ತು ಚೌಕಗಳು, ಒಂದೊಂದು ಕೋಣೆಗೆ ಒಂದೊಂದು. ಖಾಲಿಯಿದ್ದರೆ ಹಸಿರು, ಬುಕ್ ಆಗಿದ್ದರೆ ಕೆಂಪು. ಅರವತ್ತೂ ಕೆಂಪಗಿದ್ದವು.

"ಎಲ್ಲಿದೆಯಮ್ಮ ಖಾಲಿ? ನೀನೇ ನೋಡು. ಎಲ್ಲಾ ಫುಲ್."

"ಅವರು ಯಾರೂ ಬರಲ್ವಲ್ಲ ಸಾರ್!"

"ಬರಲಿ ಬಿಡಲಿ, ಬುಕಿಂಗ್ ಅವರದ್ದು. ಭಕ್ತರು ದುಡ್ಡು ಕೊಟ್ಟು ತಗೊಂಡಿರೋ ರೂಮನ್ನ ನಾನು ಇನ್ನೊಬ್ಬರಿಗೆ ಹೇಗೆ ಕೊಡ್ಲಿ? ನಾಳೆ ಲೆಕ್ಕಪತ್ರ ನೋಡೋರು ಬಂದು ನನ್ನ ಕುತ್ತಿಗೆ ಹಿಡೀತಾರೆ. ಹೊಸ ದಿನಾಂಕ ಗೊತ್ತಾಗಲಿ, ಅಲ್ಲಿಗೆ ವರ್ಗಾಯಿಸೋಣ. ಅಲ್ಲೀವರೆಗೂ ಹೀಗೇ ಇರ್ಲಿ. ಬೆಳಿಗ್ಗೆ ನೆರೆ ಪರಿಹಾರದ ಅಧಿಕಾರಿ ರೂಮು ಕೇಳಿ ಫೋನ್ ಮಾಡಿದ್ದರು, ಅವರಿಗೂ ಇದನ್ನೇ ಹೇಳಿದ್ದೀನಿ. ಫುಲ್ ಅಂತ."

ಕೊಡೆ ಬಿಚ್ಚಿ ಹೊರಟೇಹೋದರು. ಬಾಗಿಲ ಹತ್ತಿರ ತಿರುಗಿ, "ಹೊಸ ಹಾಸಿಗೆ ಮೇಲಿನ ಪ್ಲಾಸ್ಟಿಕ್ ಯಾರೂ ತೆಗೀಬಾರದು" ಎಂದು ಬೇರೆ ಹೇಳಿದರು. ಅರವತ್ತು ಕೋಣೆಗಳ ಹಾಸಿಗೆಗೆ ಪ್ಲಾಸ್ಟಿಕ್ ಹೊದಿಕೆ ಉಂಟು, ಜಗಲಿಯ ಕೂಸಿಗೆ ಒಣಬಟ್ಟೆ ಇಲ್ಲ. ರೂಮಕ್ಕ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎತ್ತಿ ಕುಕ್ಕಿದಳು. ಪಕ್ಕದ ಕೋಣೆಯಿಂದ ಮ್ಯಾನೇಜರು ಇಣುಕಿದರು.

ಮ್ಯಾನೇಜರನ್ನು ಸಿಬ್ಬಂದಿ ನೋಡೋಣ ಸಾಹೇಬರು ಎನ್ನುತ್ತಿದ್ದರು. ನಲ್ಲಿ ಸೋರುತ್ತಿದೆ ಎಂದರೆ ನೋಡೋಣ, ಸಂಬಳ ಹೆಚ್ಚಿಸಿ ಎಂದರೆ ನೋಡೋಣ. ಒಳ್ಳೆಯ ಮನುಷ್ಯ. ಆದರೆ ಬೆನ್ನುಮೂಳೆಯನ್ನು ಕೆಲಸಕ್ಕೆ ಸೇರುವಾಗಲೇ ಒಪ್ಪಿಸಿಬಿಟ್ಟಿದ್ದರು.

"ಕೇಳಿಸ್ಕೊಂಡ್ರಾ ಸಾರ್, ಯಾರೂ ಇಲ್ಲದ ರೂಮು ಫುಲ್ ಅಂತೆ" ಎಂದಳು ರೂಮಕ್ಕ.

"ನೋಡೋಣಮ್ಮ. ಪರಿಹಾರದ ಅಧಿಕಾರಿಯವರು ತಮ್ಮ ಮೇಲಿನ ದೊಡ್ಡವರ ಸಹಿ ತಂದ್ರೆ ಬೀಗ ತೆಗೀಲೇಬೇಕಾಗುತ್ತೆ."

"ದೊಡ್ಡವರು ಎಲ್ಲಿದ್ದಾರೆ?"

"ಸೇತುವೆ ಆಚೆ."

ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ರೂಮಕ್ಕ ಮತ್ತೆ ಸ್ಟೇಪ್ಲರಿನ ಕಡೆ ನೋಡಿದ್ದನ್ನು ಕಂಡು ಮ್ಯಾನೇಜರು ಮೆಲ್ಲಗೆ ಒಳಗೆ ಸರಿದರು.

ಅಷ್ಟರಲ್ಲಿ ಫೋನು ಶುರುವಾಯಿತು. ಸಂದೇಶ ಮುಟ್ಟಿದವರೆಲ್ಲ ಒಟ್ಟಿಗೇ ಎದ್ದು ಕೂತಂತಿತ್ತು. ಒಬ್ಬ ರೈಲಿನ ಟಿಕೆಟ್ಟಿನ ದುಡ್ಡು ಯಾರು ಕೊಡುತ್ತಾರೆ ಎಂದು ಕೂಗಾಡಿದ. ಇನ್ನೊಬ್ಬಳು, ಮೊನ್ನೆಯೇ ಮಳೆ ಬರುತ್ತಿತ್ತಲ್ಲ, ಆಗ ಹೇಳುವುದಕ್ಕೆ ನಿಮ್ಮ ಬಾಯಿಗೇನಾಗಿತ್ತು ಎಂದಳು. ಮತ್ತೊಬ್ಬ, ದೇವರೇ ಕರೆಸಿಕೊಳ್ಳುತ್ತಾನೆ, ನಾನು ಬಂದೇ ಬರುತ್ತೇನೆ ಎಂದ. "ದೇವರು ಕರೆಸ್ಕೊಳ್ಳೋದು ಬೇಡ ಅಂತಾನೇ ಹೇಳ್ತಿರೋದು ಸ್ವಾಮಿ, ಸೇತುವೆ ಮೇಲೆ ನೀರಿದೆ" ಎಂದು ರೂಮಕ್ಕ ಫೋನು ಇಟ್ಟಳು. ಎಲ್ಲರ ಬೈಗುಳವೂ ಆಕೆಗೇ. ಸಂದೇಶ ಬರೆಸಿದವರು ಮಾತ್ರ ಮನೆಯಲ್ಲಿ ಬೆಚ್ಚಗಿದ್ದರು.

ಆಮೇಲೆ ಒಬ್ಬ ಔಷಧಿ ಅಂಗಡಿಯವನ ಫೋನು ಬಂತು. ಅವನು ಕೂಗಾಡಲಿಲ್ಲ. "ಮೇಡಂ, ಮುಂದೂಡಿದ್ದೀರಿ ಸರಿ. ಆಮೇಲೆ ಬರೋದಕ್ಕೆ ನನಗಾಗಲ್ಲ. ದುಡ್ಡು ವಾಪಸ್ ಸಿಗುತ್ತಾ?" ಎಂದು ಕೇಳಿದ.

ಕೇಳಿದ. ರೂಮಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಸಿಗುತ್ತೆ ಸಾರ್, ಪೂರ್ತಿ ಸಿಗುತ್ತೆ. ಆನ್‌ಲೈನಲ್ಲಿ ಕಟ್ಟಿದ್ದರೆ ಯಾವ ಖಾತೆಯಿಂದ ಕಟ್ಟಿದ್ರೋ ಅದಕ್ಕೇ ಬರುತ್ತೆ, ಒಂದು ವಾರ ಆಗಬಹುದು. ರದ್ದು ಮಾಡ್ಲಾ?"

"ಮಾಡಿ."

ರೂಮಕ್ಕ ಅವನ ಬುಕಿಂಗ್ ತೆರೆದು, ಭಕ್ತರ ಕೋರಿಕೆ ಎಂಬ ಕಾರಣ ಆರಿಸಿ, ರದ್ದು ಎಂದು ಒತ್ತಿದಳು. ಭಕ್ತರೇ ಕೇಳಿದ್ದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ, ಕೌಂಟರಿನಲ್ಲೇ ಮುಗಿಯುವ ಕೆಲಸ ಅದು. ಎಷ್ಟೋ ವರ್ಷಗಳಿಂದ ದಿನಕ್ಕೆ ನಾಲ್ಕಾರು ಸಲ ಮಾಡಿದ್ದಳು. ಹಣ ಹೊರಡುವ ಸೂಚನೆ ಬಂತು. ಪರದೆಯಲ್ಲಿ ಹದಿನೇಳನೇ ಕೋಣೆಯ ಚೌಕ ಹಸಿರಾಯಿತು.

ಖಾಲಿ ಕೋಣೆಯನ್ನು ಗುರುತಿನ ಚೀಟಿ ತಂದು ಕೇಳಿದವರಿಗೆ ಕೊಡುವುದೂ ಕೌಂಟರಿನ ಕೆಲಸವೇ. ಅದಕ್ಕೂ ಯಾರ ಅಪ್ಪಣೆಯೂ ಬೇಡ. ರೂಮಕ್ಕ ಆ ಹಸಿರು ಚೌಕವನ್ನೇ ನೋಡುತ್ತ ಕೂತಳು. ಇಷ್ಟು ಸುಲಭದ ದಾರಿ ಕಣ್ಣೆದುರಿಗೇ ಇದ್ದರೂ ಬೆಳಿಗ್ಗೆಯಿಂದ ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಕೇಳಿಕೊಂಡು ಬಂದವರ ಬುಕಿಂಗ್ ರದ್ದು ಮಾಡಿಕೊಡುವುದು ಆಕೆಗೆ ಗೊತ್ತಿದ್ದ ಕೆಲಸ, ತಾನಾಗಿ ಫೋನು ಮಾಡಿ ರದ್ದು ಮಾಡುತ್ತೀರಾ ಎಂದು ಕೇಳುವುದು ಯಾವತ್ತೂ ತಲೆಗೆ ಹೊಳೆದಿರಲಿಲ್ಲ. ಕೇಳಿದರೆ ಕೊಡಬೇಕು. ಕೇಳಬಹುದು ಅಂತ ಗೊತ್ತಿಲ್ಲದವರು ಕೇಳುವುದು ಹೇಗೆ? ಅದನ್ನೇ ನಂಬಿಕೊಂಡು ಕೂತಿದ್ದರು ದೊಡ್ಡ ಮನುಷ್ಯರು.

ಆಕೆ ಫೋನು ಎತ್ತಿಕೊಂಡಳು, ಮೇಲಿನ ಸಾಲಿನಿಂದ ಶುರು ಮಾಡಿದಳು.

"ನಮಸ್ಕಾರ, ದೇವಸ್ಥಾನದ ವಸತಿಗೃಹದಿಂದ. ಉತ್ಸವ ಮುಂದೂಡಿರೋ ವಿಷಯ ತಿಳೀತಲ್ಲ? ನಿಮಗೆ ಮೂರು ದಾರಿ ಇದೆ. ಪೂರ್ತಿ ದುಡ್ಡು ವಾಪಸ್ ತಗೋಬಹುದು. ಇಲ್ಲ, ಬುಕಿಂಗ್ ಹಾಗೇ ಇಟ್ಕೊಂಡು ಮುಂದಿನ ಸಲ ಬರಬಹುದು, ಆದರೆ ಯಾವಾಗ ಅಂತ ಇನ್ನೂ ಗೊತ್ತಾಗಿಲ್ಲ, ಸುಳ್ಳು ಹೇಳಲ್ಲ. ಇಲ್ಲಾಂದ್ರೆ ಬಾಗಿಲು ಮುಚ್ಚಿ ಅರ್ಚಕರು ಪೂಜೆ ಮಾಡ್ತಾರೆ, ನಿಮ್ಮ ಹೆಸರು ಹೇಳಿಸ್ತೀವಿ, ಮೊಬೈಲಲ್ಲಿ ನೋಡಬಹುದು. ಅದಕ್ಕೆ ಪೂಜೆ ದುಡ್ಡು ಮಾತ್ರ ಹಿಡ್ಕೊಂಡು ರೂಮಿನ ದುಡ್ಡು ವಾಪಸ್ ಕೊಡ್ತೀವಿ. ಯಾವುದು ಮಾಡ್ಲಿ?"

ಮೊಬೈಲಿನ ಪೂಜೆ ಅರ್ಚಕರು ಬೆಳಿಗ್ಗೆ ತಾವಾಗಿಯೇ ಒಪ್ಪಿಕೊಂಡಿದ್ದ ಮಾತು. ಅಧ್ಯಕ್ಷರಿಗೆ ಅದನ್ನು ಸಂದೇಶದಲ್ಲಿ ಸೇರಿಸುವಷ್ಟೂ ಪುರುಸೊತ್ತಿರಲಿಲ್ಲ.

ಹಲವರು ದುಡ್ಡು ಸಾಕು ಎಂದರು. ಕೆಲವರು ಪೂಜೆ ಎಂದರು. ಕೌಂಟರಿನಲ್ಲಿ ನಗದು ಕಟ್ಟಿದ್ದವರಿಗೆ ಬ್ಯಾಂಕ್ ಖಾತೆಯ ವಿವರವನ್ನೂ ರಸೀದಿಯ ಫೋಟೋವನ್ನೂ ಕಳಿಸಲು ಹೇಳಿದಳು. ಯಾರನ್ನೂ ಒತ್ತಾಯಿಸಲಿಲ್ಲ. ಮುಂದಿನ ಸಲವೇ ಬರುತ್ತೇವೆ ಅಂದವರಿಗೆ ಸರಿ ಎಂದಳು, ಆಮೇಲೆ ಮಾತ್ರ, "ಇಲ್ಲಿ ಮನೆ ಮುಳುಗಿದವರು ಬೀದೀಲಿದ್ದಾರೆ, ನಿಮ್ಮ ಹೆಸರಲ್ಲಿ ರೂಮು ಬೀಗ ಹಾಕಿದೆ, ತಿಳ್ಕೊಂಡಿರಿ ಅಂತ ಹೇಳ್ದೆ" ಎಂದು ಸೇರಿಸುತ್ತಿದ್ದಳು. ಅದು ಒತ್ತಾಯವೋ ಅಲ್ಲವೋ, ನಿಜವಂತೂ ಹೌದು.

ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತರು. ಪರದೆಯಲ್ಲಿ ಹಸಿರು ಚೌಕಗಳು ಏಳೆಂಟಾಗಿದ್ದವು.

"ಇದೇನಮ್ಮ ಮಾಡ್ತಾ ಇದ್ದೀಯ?"

"ಕೇಳಿದೋರಿಗೆ ವಾಪಸ್ ಕೊಡ್ತಾ ಇದ್ದೀನಿ. ನಿಯಮ."

"ನೀನೇ ಫೋನ್ ಮಾಡಿ ಕೇಳಿಸ್ತಾ ಇದ್ದೀಯಲ್ಲ!"

"ಫೋನ್ ಮಾಡಬಾರದು ಅಂತ ಎಲ್ಲಾದ್ರೂ ಬರೆದಿದೆಯಾ? ತೋರಿಸಿ, ಈಗಲೇ ಇಡ್ತೀನಿ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಅವರು ನೋಡೋಣ ಎನ್ನುತ್ತಾರೆ ಎಂದು ರೂಮಕ್ಕ ಕಾದಳು. ಅಂದಿದ್ದರೆ ಆವತ್ತು ಆ ಸ್ಟೇಪ್ಲರು ಎಲ್ಲಿಗೆ ಹೋಗಿ ಬೀಳುತ್ತಿತ್ತೋ. ಅವರು ಅನ್ನಲಿಲ್ಲ. ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು, "ನಾನು ಮೇಲೆ ನೀರಿನ ಟ್ಯಾಂಕು ನೋಡ್ಕೊಂಡು ಬರ್ತೀನಿ. ಜನ ಜಾಸ್ತಿಯಾದ್ರೆ ನೀರು ಸಾಲಬೇಕಲ್ಲ" ಎಂದು ಹೊರಟರು.

ಮೊದಲ ಕೋಣೆ ಯಾರಿಗೆ ಎಂಬ ಪ್ರಶ್ನೆ ಆಕೆಗೆ ಬರಲೇ ಇಲ್ಲ. ಕೂಸಿಗೆ, ಬಾಣಂತಿಗೆ, ಅತ್ತೆಗೆ. ಕಸ ಗುಡಿಸುವ ಹೆಂಗಸನ್ನು ಕರೆದು, "ಶಾಲೆಗೆ ಹೋಗಿ ಎಲ್ಲರಿಗೂ ಹೇಳು, ಗುರುತಿನ ಚೀಟಿ ಇದ್ದರೆ ತಗೊಂಡು ಬರ್ಲಿ, ಇಲ್ಲದವರು ಹಾಗೇ ಬರ್ಲಿ. ನಮ್ಮತ್ತೇನ ಮೊದಲು ಕರ್ಕೊಂಡು ಬಾ, ಹದಿನೇಳು ಅವರಿಗೆ" ಎಂದು ಕಳಿಸಿದಳು. ಆಮೇಲೆ ಫೋನಿಗೆ ತಿರುಗಿದಳು.

ಹಾರ್ಮೋನಿಯಂ ಮೇಷ್ಟ್ರು ಕೊನೆಗೆ ಸಿಕ್ಕರು. ಅವರ ಭಜನಾ ತಂಡ ಮೊದಲನೇ ಮಹಡಿಯ ಹನ್ನೆರಡು ಕೋಣೆಗಳನ್ನೂ ಇಡಿಯಾಗಿ ಬುಕ್ ಮಾಡಿತ್ತು. ಹಿಂದಿನ ಎಲ್ಲ ಉತ್ಸವಗಳಿಗೂ ಬಂದವರು. ಸೊಳ್ಳೆ, ಬಿಸಿನೀರು, ದಿಂಬು, ಎಲ್ಲದಕ್ಕೂ ರೂಮಕ್ಕನ ಜೊತೆ ಜಗಳವಾಡಿದವರು.

"ಏನ್ರೀ ರೂಮಕ್ಕ, ಬಸ್ಸು ಹತ್ತಿದಮೇಲೆ ಸಂದೇಶ ಕಳಿಸೋದಾ? ನಲವತ್ತು ಜನರನ್ನ ಅರ್ಧ ದಾರೀಲಿ ಇಳಿಸ್ಕೊಂಡು ನಿಂತಿದ್ದೀನಿ. ಎಲ್ಲರೂ ನನ್ನ ತಲೆ ತಿಂತಾ ಇದ್ದಾರೆ. ನಾವು ಬರೋದು ಬರೋದೇ."

"ಬನ್ನಿ ಮೇಷ್ಟ್ರೇ, ಆದರೆ ಈಜ್ಕೊಂಡು ಬರಬೇಕು. ಹಾರ್ಮೋನಿಯಂ ತೇಲುತ್ತಾ?"

ಮೇಷ್ಟ್ರ ದನಿ ಇಳಿಯಿತು.

"ಅಷ್ಟು ನೀರಿದೆಯಾ?"

"ನಮ್ಮ ಮನೆ ಮುಳುಗಿದೆ ಮೇಷ್ಟ್ರೇ. ನಾನು ಬೆಳಿಗ್ಗೆಯಿಂದ ಒದ್ದೆ ಸೀರೇಲಿ ಕೂತು ನಿಮ್ಮೆಲ್ಲರ ಬೈಗುಳ ಕೇಳ್ತಾ ಇದ್ದೀನಿ."

ಹೇಳಬಾರದೆಂದುಕೊಂಡಿದ್ದ ಮಾತು ಹೊರಬಿತ್ತು. ಹಲ್ಲು ಕಚ್ಚಿ ಮೂರು ದಾರಿಗಳನ್ನೂ ಒಪ್ಪಿಸಿದಳು. ಬುಕಿಂಗ್ ಅವರೊಬ್ಬರ ಹೆಸರಿನಲ್ಲಿ ಇದ್ದುದರಿಂದ ಹಣ ಅವರ ಖಾತೆಗೇ ಬರುತ್ತದೆ, ತಂಡದವರಿಗೆ ಅವರೇ ಹಂಚಬೇಕು ಎಂದೂ ಹೇಳಿದಳು. ಮೇಷ್ಟ್ರು ಬಸ್ಸಿನ ಜನರ ಜೊತೆ ಜೋರುಜೋರಾಗಿ ಮಾತಾಡುವುದು ಕೇಳಿಸಿತು. ಯಾರೋ ಬೇಡ ಅಂದರು, ಯಾರೋ ಬೈದರು. ಮತ್ತೆ ಮೇಷ್ಟ್ರ ದನಿ ಬಂತು.

"ಹನ್ನೆರಡೂ ರದ್ದು ಮಾಡಿ. ಆದರೆ ಮುಂದಿನ ಸಲ ದಿಂಬು ಸರಿಯಾಗಿರಬೇಕು, ಹೇಳಿದ್ದೀನಿ."

ಒಂದು ಮಹಡಿಯೇ ಹಸಿರಾಯಿತು.

ಅಷ್ಟು ಹೊತ್ತಿಗೆ ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು. ಒದ್ದೆ ಗಂಟುಗಳು, ಪಾತ್ರೆಗಳು, ಚೀಲದೊಳಗೆ ಕೂಗುವ ಕೋಳಿ. ಒಂದೊಂದು ಕುಟುಂಬದ ವಿವರ ಕೇಳಿ, ಕೀಲಿ ಕೊಟ್ಟು, ಪ್ಲಾಸ್ಟಿಕ್ ಕಿತ್ತು ಬಿಸಾಡಿ ಹಾಸಿಗೆ ಮೇಲೆ ಮಲಗಿ ಎಂದು ರೂಮಕ್ಕ ಎಲ್ಲರಿಗೂ ಹೇಳಿದಳು. ಆ ಒಂದು ಮಾತು ಹೇಳುವಾಗ ಪ್ರತಿಸಲವೂ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಅತ್ತೆ ಬಂದಿರಲಿಲ್ಲ. ಮುದುಕಿಗೆ ನಡೆಯಲಾಗುತ್ತಿಲ್ಲ, ನಿಂತು ನಿಂತು ಬರುತ್ತಿದ್ದಾಳೆ ಎಂದು ಯಾರೋ ಹೇಳಿದರು. ಹದಿನೇಳರ ಕೀಲಿ ರೂಮಕ್ಕನ ಕೈಯ ಹತ್ತಿರವೇ ಇತ್ತು.

ಅತ್ತೆಗಿಂತ ಮೊದಲು ಅಧ್ಯಕ್ಷರು ಬಂದರು. ಯಾರೋ ಫೋನು ಮಾಡಿ ಹೇಳಿರಬೇಕು. ಸಾಲನ್ನು ಸೀಳಿಕೊಂಡು ನೇರ ಕೌಂಟರಿನ ಒಳಗೇ ಬಂದು ಪರದೆ ನೋಡಿದರು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಯಾರಮ್ಮ ನಿನಗೆ ಹೇಳಿದ್ದು?"

"ಭಕ್ತರು ಹೇಳಿದ್ದು ಸಾರ್. ಒಬ್ಬೊಬ್ಬರೂ ಕೇಳಿ ರದ್ದು ಮಾಡಿಸಿದ್ದಾರೆ. ಯಾರು ಕೇಳಿದರು, ಏನು ಆರಿಸ್ಕೊಂಡರು, ಎಲ್ಲಾ ಕಂಪ್ಯೂಟರಲ್ಲಿದೆ. ಕೇಳದೇ ಇದ್ದವರದ್ದು ಒಂದನ್ನೂ ಮುಟ್ಟಿಲ್ಲ, ಅವು ಇನ್ನೂ ಕೆಂಪಗೇ ಇವೆ, ನೋಡಿ."

"ಖಾತೆ ಬರಿದು ಮಾಡಿಬಿಟ್ಟೆಯಲ್ಲೇ! ಇವರೆಲ್ಲ ಒಂದು ಸಲ ಒಳಗೆ ಕೂತರೆ ಎದ್ದು ಹೋಗ್ತಾರಾ?"

ಸಾಲಿನಲ್ಲಿ ಗುಸುಗುಸು ಎದ್ದಿತು. ಮೇಜಿನ ಮೇಲಿನ ಕೀಲಿ ಅಧ್ಯಕ್ಷರ ಕಣ್ಣಿಗೆ ಬಿತ್ತು.

"ಇದು ಯಾರಿಗೆ ತೆಗೆದಿಟ್ಟಿದ್ದೀಯ?" ಉತ್ತರಕ್ಕೆ ಕಾಯಲಿಲ್ಲ. ಜನರ ಕಡೆ ತಿರುಗಿ ದನಿ ಎತ್ತರಿಸಿದರು. "ಈಗ ಗೊತ್ತಾಯ್ತಾ ಇವಳ ಸಮಾಜಸೇವೆ? ಬೆಳಿಗ್ಗೆ ಬಂದು ನಮ್ಮತ್ತೆ, ನಮ್ಮ ವಾರಗಿತ್ತಿ, ನಮ್ಮ ಕೂಸು ಅಂತ ಕೇಳಿದ್ಲು. ನಾನು ಆಗಲ್ಲ ಅಂದೆ. ಅತ್ತೆಗೆ ಒಂದು ರೂಮು ಬೇಕಿತ್ತು, ಅದಕ್ಕೆ ದೇವರ ದುಡ್ಡನ್ನ ಗಾಳಿಗೆ ತೂರಿದ್ದಾಳೆ!"

ರೂಮಕ್ಕನಿಗೆ ಕಿವಿಯಲ್ಲಿ ಹೊಳೆಯೇ ನುಗ್ಗಿದಂತಾಯಿತು. ಬೆಳಿಗ್ಗೆಯಿಂದ ಫೋನಿನಲ್ಲಿ ತಿಂದ ಬೈಗುಳ, ಒದ್ದೆ ಸೀರೆ, ಪಂಪ್‌ಹೌಸಿನಲ್ಲಿ ಸಿಕ್ಕಿಕೊಂಡ ಗಂಡ, ಮುಳುಗಿದ ಮನೆ, ಎಲ್ಲವೂ ಸೇರಿ ಬಾಯಿಗೆ ಬಂತು. ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ನಮ್ಮತ್ತೆಗೆ ಈ ಕಟ್ಟಡದಲ್ಲಿ ಒಂದು ಚಾಪೆನೂ ಬೇಡ! ಕೇಳಿಸ್ತಾ? ಜಗಲೀಲಿ ಬೇಕಾದ್ರೆ ಉಸಿರು ಬಿಡ್ತಾಳೆ, ನಿಮ್ಮ ರೂಮಿಗೆ ಕಾಲಿಡಲ್ಲ. ನಮ್ಮ ಮನೆಯವರು ಯಾರೂ ಕಾಲಿಡಲ್ಲ!"

ಹದಿನೇಳರ ಕೀಲಿಯನ್ನು ಎತ್ತಿ, ಸಾಲಿನ ಮುಂದಿದ್ದ ದರ್ಜಿಯ ಕೈಗೆ ತುರುಕಿದಳು. ಅವನ ಹಿಂದೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕುರುಡು ತಂದೆ. "ಹೋಗಣ್ಣ, ಹೋಗು" ಎಂದಳು. ದರ್ಜಿ ಅಧ್ಯಕ್ಷರ ಮುಖ ನೋಡಿದ, ರೂಮಕ್ಕನ ಮುಖ ನೋಡಿದ, ತಂದೆಯ ಕೈಹಿಡಿದು ಬೇಗಬೇಗ ಹೋದ.

ಎಂಥ ಮಾತು ಆಡಿಬಿಟ್ಟೆ ಎಂದು ಗೊತ್ತಾಗಲು ಆಕೆಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಆದರೆ ಜನರೆದುರು ಆಡಿದ ಮಾತು. ಹಿಂದಕ್ಕೆ ತೆಗೆದರೆ ಅಧ್ಯಕ್ಷರು ಹೇಳಿದ್ದೇ ನಿಜವಾಗುತ್ತದೆ. ಕುರ್ಚಿ ಎತ್ತಿ ಕೂತಳು, ಮುಂದಿನವರನ್ನು ಕರೆದಳು. ಅಧ್ಯಕ್ಷರು ಅಲ್ಲೇ, ಕೌಂಟರಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ತಡೆಯಲು ಅವರ ಬಳಿ ಏನೂ ಇರಲಿಲ್ಲ. ಜನ ಗುರಾಯಿಸುತ್ತಿದ್ದರು, ನಿಯಮವೂ ಆಕೆಯ ಕಡೆಗೇ ಇತ್ತು. ಆಕೆ ತನ್ನವರಿಗೆ ಕೀಲಿ ಕೊಡುವುದನ್ನು ಕಣ್ಣಾರೆ ನೋಡಬೇಕೆಂದು ಮಾತ್ರ ಕಾದರು. ಹಸಿರು ಚೌಕಗಳು ಒಂದೊಂದಾಗಿ ಕರಗುತ್ತ ಬಂದವು.

ಆಗ ಸಾಲಿನ ಹಿಂದಿನಿಂದ ಆ ಸೀಟಿಯ ಉಸಿರು ಕೇಳಿಸಿತು. ರೂಮಕ್ಕ ತಲೆ ಎತ್ತಲಿಲ್ಲ. ನೋಡುವುದೇ ಬೇಕಿರಲಿಲ್ಲ. ವಾರಗಿತ್ತಿ ಕೂಸನ್ನು ಎದೆಗವಚಿಕೊಂಡು ಅತ್ತೆಯ ರಟ್ಟೆ ಹಿಡಿದಿದ್ದಳು. ಮುದುಕಿಗೆ ತಮ್ಮ ಜಾಗ ಬಿಟ್ಟುಕೊಡಲು ಬಂದವರಿಗೆ ಆಕೆ ಬೇಡವೆಂದು ಕೈ ಆಡಿಸಿದಳು. ಬಾಗಿಲ ಹತ್ತಿರದವರು ಆಗಲೇ ಎಲ್ಲವನ್ನೂ ಮುದುಕಿಯ ಕಿವಿಗೆ ಹಾಕಿದ್ದರೆಂದು ಕಾಣುತ್ತದೆ. ಆಕೆ ಸರದಿಯಲ್ಲೇ ನಿಂತು, ಸರದಿಯಲ್ಲೇ ಮುಂದೆ ಬಂದು, ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ರೂಮು ಬೇಕು" ಎಂದಳು.

ರೂಮಕ್ಕ ಈಗ ತಲೆ ಎತ್ತಿದಳು. ಅಷ್ಟರಲ್ಲಿ ಅಧ್ಯಕ್ಷರು ಬಾಯಿ ಹಾಕಿದರು.

"ಬಂದ್ರಲ್ಲ! ಕಾಲೇ ಇಡಲ್ಲ ಅಂದಿದ್ದೆ? ನಾನು ಹೇಳಿದ್ದು ನಿಜ ಆಯ್ತೋ ಇಲ್ವೋ? ಅತ್ತೆಗೋಸ್ಕರ ಅಲ್ವಾ ಇದೆಲ್ಲಾ ಮಾಡಿದ್ದು?"

ಮುದುಕಿ ಅವರ ಕಡೆ ತಿರುಗಿದಳು. ಉಸಿರು ಸಿಗುವವರೆಗೆ ಕಾದಳು. ಇಡೀ ಸಾಲು ಆಕೆಯ ಜೊತೆ ಕಾಯಿತು.

"ಹೌದಪ್ಪ, ನನಗೋಸ್ಕರಾನೇ ಮಾಡಿದ್ಲು" ಎಂದಳು. "ನಾನೇ ಕಳಿಸಿದ್ದು. ನನಗೆ ರೂಮು ಬೇಕಿತ್ತು, ಅದಕ್ಕೇ ಇವರಿಗೆಲ್ಲ ಸಿಕ್ತು. ನಿನಗೆ ಬೇಕಾಗಿರ್ಲಿಲ್ಲ, ಅದಕ್ಕೇ ಯಾರಿಗೂ ಸಿಕ್ಕಿರ್ಲಿಲ್ಲ. ನೀನು ಹೇಳಿದ್ದು ನಿಜ. ಒಪ್ಕೊಂಡೆ. ಈಗ ದಾರಿ ಬಿಡು, ಕೂಸು ನೆನೆದಿದೆ."

ಸಾಲಿನವರೆಲ್ಲ ಅಧ್ಯಕ್ಷರನ್ನೇ ನೋಡುತ್ತಿದ್ದರು. ಅವರು ಒಂದು ಹೆಜ್ಜೆ ಸರಿದರು.

ಅತ್ತೆ ಸೊಸೆಯ ಕಡೆ ತಿರುಗಿದಳು. ದನಿ ತಗ್ಗಿಸಿದಳು, ಆದರೆ ಮೆತ್ತಗೆ ಮಾಡಲಿಲ್ಲ.

"ಸಿಟ್ಟು ನಿಂದು. ಉಬ್ಬಸ ನಂದು. ನಿನ್ನ ಹಠಕ್ಕೆ ನನ್ನ ಉಸಿರು, ಆ ಕೂಸಿನ ಮೈ, ಇದನ್ನ ಪಣಕ್ಕಿಡೋಕೆ ನಿನಗೆ ಯಾರು ಹೇಳಿದ್ರು? ನನ್ನ ಕೇಳಿದ್ಯಾ? ಎಲ್ಲೆಲ್ಲೋ ಇದ್ದೋರನ್ನೆಲ್ಲ ಫೋನ್ ಮಾಡಿ ಕೇಳಿದ್ಯಂತೆ, ಏನು ಬೇಕು, ಯಾವುದು ಬೇಕು ಅಂತ. ನನ್ನನ್ನ ಒಂದು ಮಾತು ಕೇಳಿದ್ಯಾ?"

ರೂಮಕ್ಕನಿಗೆ ಅಳು ಬಂತು. ಆ ಅಳುವಿನ ಮೇಲೂ ಸಿಟ್ಟು ಬಂತು. ಸೆರಗಿನಿಂದ ಮುಖ ಒರೆಸಿಕೊಂಡರೆ ಸೆರಗೂ ಒದ್ದೆ. ಪರದೆಯಲ್ಲಿ ಹಸಿರು ಉಳಿದಿದ್ದು ಎರಡು. ಅತ್ತೆಯ ಹಿಂದೆ ನಿಂತಿದ್ದು ಒಂದೇ ಕುಟುಂಬ. ಲೆಕ್ಕ ಸರಿಹೋಗುತ್ತಿತ್ತು. ಸರಿಹೋಗದಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸುವ ಧೈರ್ಯ ಆಕೆಗೆ ಬರಲಿಲ್ಲ.

"ಎಷ್ಟು ಜನ?" ಎಂದು ಕೇಳಿದಳು. ಎಲ್ಲರನ್ನೂ ಕೇಳಿದ ಹಾಗೆಯೇ ಕೇಳಬೇಕೆಂದಿದ್ದಳು, ದನಿ ಒಡೆಯಿತು.

"ನಾಲ್ಕು. ನಾನು, ಬಾಣಂತಿ, ಕೂಸು" ಎಂದಳು ಅತ್ತೆ, "ಮತ್ತೆ ನೀನು. ಆ ಸೀರೆ ಬಿಚ್ಚಿ ಒಣಗಿಸ್ಕೋ ಬಾ."